ಸಿಬಿಸಿ ವರದಿ ಓದುವುದು ಹೇಗೆ: ಎಂಸಿವಿ ನಾರ್ಮಲ್ ಇದ್ದೂ ಆರ್‌ಡಿಡಬ್ಲ್ಯೂ ಏರಿದಾಗ

ಮೊದಲು ಈ ಮಾದರಿ ವರದಿಯನ್ನು ನೋಡಿ. 34 ವರ್ಷದ ಮಹಿಳೆ, ಹುಟ್ಟಿನಿಂದ ಸಸ್ಯಾಹಾರಿ. ಎರಡನೇ ಹೆರಿಗೆಯಾದಾಗಿನಿಂದ ಮುಟ್ಟಿನ ಸ್ರಾವ ಜಾಸ್ತಿ. ಮೆಟ್ಟಿಲು ಹತ್ತಿದರೆ ಏದುಸಿರು, ಪಾದಗಳಲ್ಲಿ ಜೋಮು.

```
Hb           9.6     g/dL
RBC          3.72    million/µL
Hct (PCV)    30.6    %
MCV          82.3    fL
MCH          25.8    pg
MCHC         31.4    g/dL
RDW-CV       21.4    %
RDW-SD       63      fL
WBC          4,200   /µL
Platelets    1,62,000 /µL
```

ಹಿಮೋಗ್ಲೋಬಿನ್ ಕಡಿಮೆ ಇದೆ ಎಂಬುದು ಯಾರಿಗಾದರೂ ಕಾಣುತ್ತದೆ. ಆದರೆ ಕೆಂಪು ರಕ್ತಕಣದ ಸರಾಸರಿ ಗಾತ್ರವಾದ ಎಂಸಿವಿ 82.3, ಅಂದರೆ ನಾರ್ಮಲ್ ಮಿತಿಯ ಒಳಗೇ ಇದೆ. ಅವಸರದಲ್ಲಿ ಓದಿದವರು ಕಣಗಳ ಗಾತ್ರ ಸರಿಯಿದೆ ಎಂದುಕೊಂಡು ಮುಂದೆ ಹೋಗಿಬಿಡುತ್ತಾರೆ. ಎಡವುವುದು ಅಲ್ಲಿಯೇ, ಏಕೆಂದರೆ ಈ ರಕ್ತದಲ್ಲಿ ಸರಿಯಾದ ಗಾತ್ರದ ಕಣಗಳು ಬಹಳವಿಲ್ಲ. ಅದನ್ನು ಹೇಳುತ್ತಿರುವುದು, ಕಣಗಳ ಗಾತ್ರ ಎಷ್ಟು ಚದುರಿದೆ ಎಂದು ಅಳೆಯುವ, 21.4 ಎಂಬ ಆರ್‌ಡಿಡಬ್ಲ್ಯೂ. ಈ ವರದಿಯನ್ನು ಯಾವ ಕ್ರಮದಲ್ಲಿ ಓದಿದರೆ ಆ ಮಾತು ಕೇಳಿಸುತ್ತದೆ ಎಂಬುದನ್ನು ಹಂತಹಂತವಾಗಿ ನೋಡೋಣ.

ಯಂತ್ರ ಅಳೆಯುವುದೇನು, ಲೆಕ್ಕ ಹಾಕುವುದೇನು

ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಇಡಿಟಿಎ ಇರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಅದು ತಡೆಯುತ್ತದೆ. ಸೆಲ್ ಕೌಂಟರ್ ಯಂತ್ರ ಈ ರಕ್ತದ ಒಂದು ಹನಿಯನ್ನು ಬಹಳ ತೆಳು ಮಾಡಿ, ವಿದ್ಯುತ್ ಹರಿಯುವ ಸೂಕ್ಷ್ಮ ರಂಧ್ರದ ಮೂಲಕ ಕಣಗಳನ್ನು ಒಂದೊಂದಾಗಿ ಹಾಯಿಸುತ್ತದೆ. ಕಣ ಹಾದಾಗಲೆಲ್ಲ ವಿದ್ಯುತ್ತಿಗೆ ಒಂದು ಕ್ಷಣ ಅಡ್ಡಿಯಾಗುತ್ತದೆ. ಎಷ್ಟು ಬಾರಿ ಅಡ್ಡಿಯಾಯಿತು ಎಂಬುದು ಕಣಗಳ ಎಣಿಕೆ. ಪ್ರತಿ ಅಡ್ಡಿ ಎಷ್ಟು ದೊಡ್ಡದು ಎಂಬುದು ಆ ಕಣದ ಗಾತ್ರ. ವಾಲೇಸ್ ಕೋಲ್ಟರ್ ಎಂಬ ಅಮೆರಿಕದ ಎಂಜಿನಿಯರ್ 1953ರಲ್ಲಿ ಪೇಟೆಂಟ್ ಪಡೆದ ತತ್ತ್ವವಿದು. ಇಂದಿಗೂ ಬಹುಪಾಲು ಲ್ಯಾಬ್‌ಗಳ ಯಂತ್ರಗಳು ಕೆಂಪು ಕಣಗಳನ್ನು ಎಣಿಸುವುದು ಹೀಗೆಯೇ.

ಸಾವಿರಾರು ಕಣಗಳ ಗಾತ್ರವನ್ನು ಯಂತ್ರ ಹೀಗೆ ಬರೆದಿಟ್ಟುಕೊಂಡು ಒಂದು ಗುಡ್ಡದಾಕಾರದ ನಕ್ಷೆ ಮಾಡುತ್ತದೆ. ಅದಕ್ಕೆ ಹಿಸ್ಟೋಗ್ರಾಂ ಎನ್ನುತ್ತಾರೆ. ಗುಡ್ಡದ ನಡುಭಾಗ ಸರಾಸರಿ ಗಾತ್ರವನ್ನು ತೋರಿಸಿದರೆ, ಗುಡ್ಡದ ಅಗಲ ಆರ್‌ಡಿಡಬ್ಲ್ಯೂ. ವರದಿಯ ಕೊನೆಯಲ್ಲಿ ಈ ನಕ್ಷೆ ಅಚ್ಚಾಗಿದ್ದರೆ ಅದನ್ನು ಬಿಡದೆ ನೋಡಿ. ಸಂಖ್ಯೆಯಲ್ಲಿ ಇಲ್ಲದ ಮಾಹಿತಿ ಅದರಲ್ಲಿರುತ್ತದೆ.

ಹಿಮೋಗ್ಲೋಬಿನ್ ಅಳೆಯುವ ದಾರಿ ಬೇರೆ. ಇನ್ನೊಂದು ಪಾಲು ರಕ್ತದ ಕೆಂಪು ಕಣಗಳನ್ನು ಒಡೆದು, ಹೊರಬಂದ ಬಣ್ಣ ಎಷ್ಟು ಗಾಢವಾಗಿದೆ ಎಂದು ಬೆಳಕು ಹಾಯಿಸಿ ನೋಡುತ್ತಾರೆ. ಉಳಿದ ಸೂಚ್ಯಂಕಗಳು ಇವುಗಳಿಂದ ಹುಟ್ಟುತ್ತವೆ:

```
MCV  = Hct × 10  / RBC
MCH  = Hb  × 10  / RBC
MCHC = Hb  × 100 / Hct
RDW-CV = SD / MCV × 100
```

ಕೊನೆಯ ಸೂತ್ರದ SD ಎಂದರೆ ಕಣಗಳ ಗಾತ್ರದ ಸ್ಟ್ಯಾಂಡರ್ಡ್ ಡೀವಿಯೇಶನ್, ವರದಿಯಲ್ಲಿರುವ RDW-SD ಅಲ್ಲ. ಕೆಲವು ಯಂತ್ರಗಳು ಎಂಸಿವಿಯನ್ನು ಅಳೆದು ಅದರಿಂದ, ರಕ್ತದಲ್ಲಿ ಕೆಂಪು ಕಣಗಳು ತುಂಬಿರುವ ಪಾಲಾದ ಹೆಮಟೋಕ್ರಿಟ್ ಲೆಕ್ಕ ಹಾಕುತ್ತವೆ, ಕೆಲವು ಹೆಮಟೋಕ್ರಿಟ್ ಅಳೆದು ಎಂಸಿವಿ ಲೆಕ್ಕ ಹಾಕುತ್ತವೆ. ಹಾಗಾಗಿ ಎರಡು ಲ್ಯಾಬ್‌ಗಳ ಎಂಸಿವಿಯಲ್ಲಿ ಒಂದೆರಡು ಅಂಕಿ ವ್ಯತ್ಯಾಸ ಬಂದರೆ ಅದಕ್ಕೆ ಅರ್ಥ ಕಟ್ಟಬೇಡಿ.

ಎಂಸಿವಿ ಒಂದು ಕಣದ ಸರಾಸರಿ ಗಾತ್ರವಾದರೆ, ಎಂಸಿಎಚ್ ಒಂದು ಕಣದೊಳಗೆ ಸರಾಸರಿ ಎಷ್ಟು ಹಿಮೋಗ್ಲೋಬಿನ್ ಇದೆ ಎಂಬ ತೂಕ. ಎಂಸಿಎಚ್‌ಸಿ ಎಂದರೆ ಕಣದೊಳಗಿನ ಹಿಮೋಗ್ಲೋಬಿನ್‌ನ ಸಾಂದ್ರತೆ. ವಯಸ್ಕರಲ್ಲಿ ಸಾಮಾನ್ಯವಾಗಿ ಎಂಸಿವಿ 80ರಿಂದ 100, ಎಂಸಿಎಚ್ 27ರಿಂದ 32, ಎಂಸಿಎಚ್‌ಸಿ ಸುಮಾರು 32ರಿಂದ 36, ಆರ್‌ಡಿಡಬ್ಲ್ಯೂ-ಸಿವಿ 11.5ರಿಂದ 14.5 ಇರುತ್ತವೆ. ನಿಮ್ಮ ಲ್ಯಾಬ್ ಪಕ್ಕದಲ್ಲಿ ಬೇರೆ ಮಿತಿ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ. ಮಕ್ಕಳಿಗೆ ಈ ಮಿತಿಗಳು ಹೊಂದುವುದಿಲ್ಲ. ಎರಡರಿಂದ ಹತ್ತು ವರ್ಷದವರಿಗೆ ಎಂಸಿವಿಯ ಕೆಳಮಿತಿ ಸ್ಥೂಲವಾಗಿ 70ಕ್ಕೆ ವಯಸ್ಸನ್ನು ಕೂಡಿಸಿದಷ್ಟು. ನಾಲ್ಕು ವರ್ಷದ ಮಗುವಿಗೆ 75 ಬಂದರೆ ಗಾಬರಿ ಬೇಡ.

ಅರ್ಥ ಹುಡುಕುವ ಮೊದಲು ವರದಿ ನಂಬಬಹುದೇ ನೋಡಿ

ಈ ಹಂತವನ್ನು ಹೆಚ್ಚಿನವರು ಹಾರಿಸಿಬಿಡುತ್ತಾರೆ. ಮೇಲಿನ ಸೂತ್ರಗಳನ್ನು ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಹಾಕಿ ನೋಡಿ. ನಮ್ಮ ಮಾದರಿಯಲ್ಲಿ 30.6ನ್ನು ಹತ್ತರಿಂದ ಗುಣಿಸಿ 3.72ರಿಂದ ಭಾಗಿಸಿದರೆ 82.3 ಬರುತ್ತದೆ. 96ನ್ನು 3.72ರಿಂದ ಭಾಗಿಸಿದರೆ 25.8. ಲೆಕ್ಕ ಕೂಡುತ್ತದೆ. ಕೂಡದಿದ್ದರೆ ಯಾವುದೋ ಒಂದು ಸಂಖ್ಯೆಯನ್ನು ಕೈಯಿಂದ ತಪ್ಪಾಗಿ ನಮೂದಿಸಿರುವ ಸಾಧ್ಯತೆ ಇದೆ.

ಎರಡನೆಯದಾಗಿ ಎಂಸಿಎಚ್‌ಸಿ ನೋಡಿ. ರೋಗ ಪತ್ತೆಗೆ ಇದರಿಂದ ಹೆಚ್ಚು ಉಪಯೋಗವಿಲ್ಲ. ಆದರೆ ಸ್ಯಾಂಪಲ್ ಕೆಟ್ಟಿದೆಯೇ ಎಂದು ಹೇಳುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಕಣದೊಳಗೆ ಹಿಮೋಗ್ಲೋಬಿನ್ ತುಂಬಲು ಒಂದು ಮಿತಿ ಇದೆ, ಅದನ್ನು ಮೀರಿ ತುಂಬುವುದಿಲ್ಲ. ಹಾಗಾಗಿ 37 ದಾಟಿದ ಎಂಸಿಎಚ್‌ಸಿ ಕಂಡರೆ ಮೊದಲ ಅನುಮಾನ ಅಳತೆಯ ಮೇಲೆ ಬರಬೇಕು. ಒಂದು ವರದಿಯಲ್ಲಿ ಹಿಮೋಗ್ಲೋಬಿನ್ 10, ಕೆಂಪು ಕಣ 1.6, ಎಂಸಿವಿ 118, ಎಂಸಿಎಚ್‌ಸಿ 53 ಎಂದಿದೆ ಎಂದುಕೊಳ್ಳಿ. ಇಂಥ ರಕ್ತ ಇರಲು ಸಾಧ್ಯವಿಲ್ಲ. ತಂಪಿಗೆ ಕಣಗಳು ಒಂದಕ್ಕೊಂದು ಅಂಟಿಕೊಂಡಾಗ ಯಂತ್ರ ಎರಡು ಮೂರು ಕಣಗಳ ಮುದ್ದೆಯನ್ನು ಒಂದೇ ದೊಡ್ಡ ಕಣ ಎಂದು ಎಣಿಸುತ್ತದೆ. ಎಣಿಕೆ ಇಳಿಯುತ್ತದೆ, ಎಂಸಿವಿ ಹಾರುತ್ತದೆ. ಕಣಗಳನ್ನು ಒಡೆದು ಅಳೆಯುವ ಹಿಮೋಗ್ಲೋಬಿನ್ ಮಾತ್ರ ಸರಿಯಾಗಿಯೇ ಬರುತ್ತದೆ. ಟ್ಯೂಬನ್ನು 37 ಡಿಗ್ರಿಯಲ್ಲಿ ಬೆಚ್ಚಗಿಟ್ಟು ತಕ್ಷಣ ಮತ್ತೆ ಓಡಿಸಿದರೆ ಸಾಮಾನ್ಯವಾಗಿ ನಿಜವಾದ ಸಂಖ್ಯೆಗಳು ಸಿಗುತ್ತವೆ. ಊಟವಾದ ಮೇಲೆ ಕೊಬ್ಬಿನಿಂದ ರಕ್ತದ ದ್ರವ ಹಾಲಿನಂತಾಗಿದ್ದರೂ ಎಂಸಿಎಚ್‌ಸಿ ಏರುತ್ತದೆ. ಅಲ್ಲಿ ತಪ್ಪುವುದು ಹಿಮೋಗ್ಲೋಬಿನ್. ಕಣಗಳು ಗುಂಡಗಾಗುವ ಆನುವಂಶಿಕ ಸ್ಫೀರೋಸೈಟೋಸಿಸ್‌ನಲ್ಲಿ ಎಂಸಿಎಚ್‌ಸಿ ನಿಜವಾಗಿಯೂ ಕೊಂಚ ಮೇಲಿರುತ್ತದೆ, ಆದರೆ ಅದು 53 ಆಗುವುದಿಲ್ಲ.

ಇನ್ನೆರಡು ತಪ್ಪುಗಳನ್ನು ನೆನಪಿಡಿ. ಸ್ಯಾಂಪಲ್ ಒಂದು ದಿನಕ್ಕೂ ಮಿಕ್ಕಿ ಹೊರಗೆ ಬಿದ್ದಿದ್ದರೆ ಕಣಗಳು ನೀರು ಕುಡಿದು ಉಬ್ಬುತ್ತವೆ, ಎಂಸಿವಿ ಮತ್ತು ಆರ್‌ಡಿಡಬ್ಲ್ಯೂ ಎರಡೂ ಮೇಲೆ ಹೋಗುತ್ತವೆ. ಊರಿನ ಕಲೆಕ್ಷನ್ ಸೆಂಟರಿನಿಂದ ನಗರದ ಲ್ಯಾಬಿಗೆ ಹೋಗುವ ಸ್ಯಾಂಪಲ್‌ಗಳಲ್ಲಿ ಇದಾಗಬಹುದು. ಆದ್ದರಿಂದ ವರದಿಯಲ್ಲಿ ರಕ್ತ ತೆಗೆದ ಸಮಯ ಮತ್ತು ಪರೀಕ್ಷಿಸಿದ ಸಮಯ ಎರಡನ್ನೂ ನೋಡಿ. ಡ್ರಿಪ್ ಹಾಕಿದ ಕೈಯಿಂದಲೇ ರಕ್ತ ತೆಗೆದಿದ್ದರೆ ಹಿಮೋಗ್ಲೋಬಿನ್, ಬಿಳಿ ಕಣ, ಪ್ಲೇಟ್‌ಲೆಟ್ ಎಲ್ಲವೂ ಒಂದೇ ಪ್ರಮಾಣದಲ್ಲಿ ಕುಸಿದಿರುತ್ತವೆ, ಎಂಸಿಎಚ್‌ನಂಥ ಸೂಚ್ಯಂಕಗಳು ಮಾತ್ರ ಹೆಚ್ಚು ಕದಲಿರುವುದಿಲ್ಲ. ಹಾಗೆ ಕಂಡರೆ ಇನ್ನೊಂದು ಕೈಯಿಂದ ಮತ್ತೆ ರಕ್ತ ತೆಗೆಸಿ.

ನಮ್ಮ ಮಾದರಿಯ ಎಂಸಿಎಚ್‌ಸಿ 31.4. ಇದು ಇರಬಹುದಾದ ಸಂಖ್ಯೆಯೇ. ಈಗ ಮುಂದೆ ಹೋಗಬಹುದು.

ಆರ್‌ಡಿಡಬ್ಲ್ಯೂ ಎಂದರೆ ಏನು, ಎರಡು ರೂಪ ಏಕೆ

ಸಾಸಿವೆಯನ್ನೂ ಕಡಲೆಯನ್ನೂ ಒಂದೇ ಚೀಲದಲ್ಲಿ ಬೆರೆಸಿ ಸರಾಸರಿ ಗಾತ್ರ ತೆಗೆದರೆ ಅದು ಹೆಸರುಕಾಳಿನಷ್ಟು ಬರಬಹುದು, ಆದರೆ ಚೀಲದಲ್ಲಿ ಒಂದೂ ಹೆಸರುಕಾಳು ಇರುವುದಿಲ್ಲ. ಎಂಸಿವಿ ಅಂಥ ಸರಾಸರಿ. ಕಣಗಳು ಆ ಸರಾಸರಿಯಿಂದ ಎಷ್ಟು ದೂರ ದೂರ ಚದುರಿವೆ ಎಂಬುದನ್ನು ಆರ್‌ಡಿಡಬ್ಲ್ಯೂ ಅಳೆಯುತ್ತದೆ.

ಇದನ್ನು ಎರಡು ಬಗೆಯಲ್ಲಿ ಅಚ್ಚು ಹಾಕುತ್ತಾರೆ. ಆರ್‌ಡಿಡಬ್ಲ್ಯೂ-ಎಸ್‌ಡಿ ಎಂದರೆ ಗುಡ್ಡದ ತುದಿಯ ಎತ್ತರವನ್ನು ನೂರು ಎಂದಿಟ್ಟುಕೊಂಡು, ಇಪ್ಪತ್ತರ ಎತ್ತರದಲ್ಲಿ ಗುಡ್ಡ ಎಷ್ಟು ಅಗಲವಿದೆ ಎಂಬ ನೇರ ಅಳತೆ. ನಾರ್ಮಲ್ ಸುಮಾರು 39ರಿಂದ 46 ಫೆಮ್ಟೊಲೀಟರ್. ಆರ್‌ಡಿಡಬ್ಲ್ಯೂ-ಸಿವಿ ಶೇಕಡಾವಾರು ಸಂಖ್ಯೆ: ಚದುರುವಿಕೆಯನ್ನು ಎಂಸಿವಿಯಿಂದ ಭಾಗಿಸಿ ಪಡೆದದ್ದು. ಭಾಗಿಸುವುದರಿಂದಲೇ ಅದರ ದೌರ್ಬಲ್ಯವೂ ಹುಟ್ಟುತ್ತದೆ. ಚದುರುವಿಕೆ 12 ಫೆಮ್ಟೊಲೀಟರ್ ಎಂದಿಟ್ಟುಕೊಳ್ಳಿ. ಎಂಸಿವಿ 90 ಇದ್ದರೆ ಸಿವಿ 13.3, ಅಂದರೆ ನಾರ್ಮಲ್. ಅದೇ ಚದುರುವಿಕೆ ಎಂಸಿವಿ 65 ಇರುವ ರಕ್ತದಲ್ಲಿದ್ದರೆ 18.5 ಎಂದು ಕೆಂಪಕ್ಷರದಲ್ಲಿ ಅಚ್ಚಾಗುತ್ತದೆ. ಎಂಸಿವಿ 115 ಇದ್ದರೆ 10.4 ಆಗುತ್ತದೆ. ಕಣಗಳು ಚದುರಿರುವುದು ಮೂರರಲ್ಲೂ ಒಂದೇ ಅಳತೆಯಲ್ಲಿ.

ಆದ್ದರಿಂದ ಕಣಗಳು ಚಿಕ್ಕವಾಗಿದ್ದಾಗ ಸಿವಿ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ದೊಡ್ಡವಾಗಿದ್ದಾಗ ನಿಜವಾದ ಚದುರುವಿಕೆಯನ್ನೂ ಮುಚ್ಚಿಬಿಡುತ್ತದೆ. ಎಂಸಿವಿ ಮಿತಿಯಿಂದ ಆಚೀಚೆ ಇದ್ದಾಗಲೆಲ್ಲ ಎಸ್‌ಡಿಯನ್ನೂ ನೋಡಿ. ವರದಿಯಲ್ಲಿ ಅದು ಇಲ್ಲದಿದ್ದರೆ ಲ್ಯಾಬಿನಲ್ಲಿ ಕೇಳಿ. ಯಂತ್ರ ಅದನ್ನು ಲೆಕ್ಕ ಹಾಕಿರುವ ಸಾಧ್ಯತೆ ಹೆಚ್ಚು, ಅಚ್ಚಿಗೆ ಮಾತ್ರ ಬಂದಿರುವುದಿಲ್ಲ. ಇನ್ನು ಆರ್‌ಡಿಡಬ್ಲ್ಯೂ ಮಿತಿಗಿಂತ ಕಡಿಮೆ ಬಂದರೆ ಅದಕ್ಕೆ ಯಾವ ರೋಗದ ಅರ್ಥವೂ ಇಲ್ಲ.

ಗಾತ್ರ ಚದುರುವುದಾದರೂ ಏಕೆ

ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ. ಅಂದರೆ ಇವತ್ತು ತೆಗೆದ ರಕ್ತದಲ್ಲಿ ನಿನ್ನೆ ಹುಟ್ಟಿದ ಕಣವೂ ಇದೆ, ನಾಲ್ಕು ತಿಂಗಳ ಹಿಂದೆ ಹುಟ್ಟಿದ್ದೂ ಇದೆ. ಆ ನಾಲ್ಕು ತಿಂಗಳಲ್ಲಿ ಮೂಳೆಮಜ್ಜೆಗೆ ಸಿಕ್ಕ ಕಬ್ಬಿಣಾಂಶ, ಬಿ12, ಫೋಲಿಕ್ ಆಸಿಡ್ ಒಂದೇ ಮಟ್ಟದಲ್ಲಿದ್ದರೆ ಕಣಗಳೂ ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿರುತ್ತವೆ. ನಡುವೆ ಪೂರೈಕೆ ಬದಲಾದರೆ ಹಳೆಯ ಗಾತ್ರದ ಕಣಗಳ ಜೊತೆಗೆ ಹೊಸ ಗಾತ್ರದವು ಬಂದು ಸೇರುತ್ತವೆ. ಆರ್‌ಡಿಡಬ್ಲ್ಯೂ ಏರಲು ಬಹಳ ಸಲ ಇದೇ ಕಾರಣ.

ಕಬ್ಬಿಣಾಂಶದ ಕೊರತೆಯನ್ನೇ ತೆಗೆದುಕೊಳ್ಳಿ. ಮೊದಲು ದೇಹದ ಸಂಗ್ರಹ ಖಾಲಿಯಾಗುತ್ತದೆ, ಆಗ ಆ ಸಂಗ್ರಹವನ್ನು ತೋರಿಸುವ ಫೆರಿಟಿನ್ ಇಳಿಯುತ್ತದೆ, ಸಿಬಿಸಿಯಲ್ಲಿ ಏನೂ ಕಾಣುವುದಿಲ್ಲ. ಆಮೇಲೆ ಹೊಸ ಕಣಗಳು ಸ್ವಲ್ಪ ಚಿಕ್ಕದಾಗಿ ಹುಟ್ಟತೊಡಗುತ್ತವೆ. ಇನ್ನೂ ಹಳೆಯ ನಾರ್ಮಲ್ ಕಣಗಳೇ ಹೆಚ್ಚಿರುವುದರಿಂದ ಎಂಸಿವಿ 80ರ ಮೇಲೆಯೇ ನಿಂತಿರುತ್ತದೆ, ಆದರೆ ಗುಡ್ಡದ ಎಡಭಾಗ ಹಿಗ್ಗುತ್ತದೆ, ಆರ್‌ಡಿಡಬ್ಲ್ಯೂ ಏರುತ್ತದೆ. ಎಂಸಿವಿ ಮಿತಿಯಿಂದ ಕೆಳಗೆ ಬೀಳುವುದು ಇನ್ನೂ ಕೆಲವು ವಾರಗಳ ನಂತರ. ಹೀಗಾಗಿ ನಾರ್ಮಲ್ ಎಂಸಿವಿಯ ಜೊತೆಗಿನ ಏರಿದ ಆರ್‌ಡಿಡಬ್ಲ್ಯೂ ಕೊರತೆಯ ಆರಂಭದ ಸುಳಿವಾಗಬಹುದು.

ಹುಟ್ಟಿನಿಂದಲೇ ಒಂದೇ ತೆರನಾದ ದೋಷ ಇದ್ದಾಗ ಚಿತ್ರ ಬೇರೆ. ಹಿಮೋಗ್ಲೋಬಿನ್ ತಯಾರಿಕೆಯ ಆನುವಂಶಿಕ ದೋಷವಾದ ಬೀಟಾ ಥಲಸೀಮಿಯಾ ಮೈನರ್ ಇರುವವರ ಕಣಗಳು ಚಿಕ್ಕವು, ಆದರೆ ಬಹುಪಾಲು ಸಮನಾಗಿ ಚಿಕ್ಕವು. ನಿನ್ನೆ ಹುಟ್ಟಿದ್ದೂ ನಾಲ್ಕು ತಿಂಗಳ ಹಿಂದಿನದೂ ಅದೇ ಗಾತ್ರ. ಆದ್ದರಿಂದ ಎಂಸಿವಿ ತೀರ ಇಳಿದರೂ ಆರ್‌ಡಿಡಬ್ಲ್ಯೂ ನಾರ್ಮಲ್ ಅಥವಾ ಅದರ ಆಸುಪಾಸಿನಲ್ಲಿರುತ್ತದೆ. ಎಂಸಿವಿ ಮತ್ತು ಆರ್‌ಡಿಡಬ್ಲ್ಯೂ ಎರಡನ್ನೂ ಜೋಡಿಯಾಗಿ ಓದಿ ರಕ್ತಹೀನತೆಯನ್ನು ವಿಂಗಡಿಸುವ ಕ್ರಮವನ್ನು 1983ರಲ್ಲಿ ಬೆಸ್ಮನ್ ಮತ್ತು ಅವರ ಸಹೋದ್ಯೋಗಿಗಳು ಮುಂದಿಟ್ಟರು. ಅದರ ಬೇರು ಈ ವಿಚಾರದಲ್ಲೇ ಇದೆ.

ಚದುರುವಿಕೆಗೆ ಬೇರೆ ದಾರಿಗಳೂ ಇವೆ. ರಕ್ತ ಕೊಡಿಸಿದ ಮೇಲೆ ದಾನಿಯ ಕಣಗಳು ಬೆರೆತು ಗುಡ್ಡಕ್ಕೆ ಎರಡು ತುದಿ ಬರಬಹುದು. ರಕ್ತಸ್ರಾವವಾದಾಗ ಅಥವಾ ಕಣಗಳು ಬೇಗ ಒಡೆಯುತ್ತಿರುವಾಗ ಮಜ್ಜೆಯಿಂದ ರೆಟಿಕ್ಯುಲೋಸೈಟ್ ಎಂಬ ಎಳೆಯ ಕಣಗಳು ಹೆಚ್ಚಾಗಿ ಹೊರಬರುತ್ತವೆ. ಅವು ಬಲಿತ ಕಣಕ್ಕಿಂತ ದೊಡ್ಡವು. ಕುಡಗೋಲು ಕಣ ರೋಗದಲ್ಲಿ ಎಳೆಯ ಕಣಗಳೂ ಬಾಗಿ ಒಡೆದವೂ ಜೊತೆಗಿರುವುದರಿಂದ ಆರ್‌ಡಿಡಬ್ಲ್ಯೂ ಮೇಲಿರುತ್ತದೆ. ಮೈಸೂರು, ಚಾಮರಾಜನಗರ, ಕೊಡಗಿನ ಬುಡಕಟ್ಟು ಸಮುದಾಯಗಳಲ್ಲಿ ಈ ರೋಗ ಇರುವುದರಿಂದ, ಆ ಭಾಗದವರ ವರದಿಯಲ್ಲಿ ಇಂಥ ಚಿತ್ರ ಕಂಡರೆ ಕುಡಗೋಲು ಕಣ ಪರೀಕ್ಷೆಯನ್ನು ಮರೆಯುವಂತಿಲ್ಲ.

ಓದುವ ಕ್ರಮ

ಮೊದಲು ಹಿಮೋಗ್ಲೋಬಿನ್. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಂತೆ ಗರ್ಭಿಣಿಯಲ್ಲದ ಮಹಿಳೆಯರಿಗೆ 12, ಗಂಡಸರಿಗೆ 13ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ಆಮೇಲೆ ಬಿಳಿ ಕಣ ಮತ್ತು ಪ್ಲೇಟ್‌ಲೆಟ್ ಮೇಲೆ ಒಂದು ಕಣ್ಣು: ಕುಸಿದಿರುವುದು ಕೆಂಪು ಕಣ ಮಾತ್ರವೇ, ಮೂರೂ ಕುಸಿದಿವೆಯೇ? ಆಮೇಲೆ ಎಂಸಿವಿ. ಅದರ ಬೆನ್ನಿಗೇ ಆರ್‌ಡಿಡಬ್ಲ್ಯೂ. ಕೊನೆಗೆ ಎಂಸಿಎಚ್ ಮತ್ತು ಕೆಂಪು ಕಣಗಳ ಎಣಿಕೆ.

ಎಂಸಿವಿ ಕಡಿಮೆ ಇದ್ದರೆ ಮುಖ್ಯ ಪ್ರಶ್ನೆ ಒಂದೇ: ಕಬ್ಬಿಣಾಂಶದ ಕೊರತೆಯೋ, ಥಲಸೀಮಿಯಾ ಮೈನರೋ? ಇಲ್ಲಿ ಆರ್‌ಡಿಡಬ್ಲ್ಯೂ ಜೊತೆಗೆ ಕೆಂಪು ಕಣಗಳ ಎಣಿಕೆ ಕೈಹಿಡಿಯುತ್ತದೆ. ಕಬ್ಬಿಣ ಸಿಗದ ಮಜ್ಜೆ ಕಡಿಮೆ ಕಣಗಳನ್ನು ಹುಟ್ಟಿಸುತ್ತದೆ; ಥಲಸೀಮಿಯಾ ಮೈನರ್‌ನಲ್ಲಿ ಮಜ್ಜೆ ಚಿಕ್ಕ ಕಣಗಳನ್ನು ಹೇರಳವಾಗಿ ಹುಟ್ಟಿಸುತ್ತದೆ. ಎಂಸಿವಿಯನ್ನು ಎಣಿಕೆಯಿಂದ ಭಾಗಿಸುವ ಮೆಂಟ್ಜರ್ ಸೂಚ್ಯಂಕ ಇದನ್ನೇ ಹಿಡಿಯುತ್ತದೆ. ಎಂಸಿವಿ 64, ಎಣಿಕೆ 5.9 ಆದರೆ 10.8, ಹದಿಮೂರಕ್ಕಿಂತ ಕಡಿಮೆ, ಥಲಸೀಮಿಯಾ ಮೈನರ್ ಕಡೆ ಬೆರಳು ತೋರಿಸುತ್ತದೆ. ಎಂಸಿವಿ 68, ಎಣಿಕೆ 4.1 ಆದರೆ 16.6, ಕಬ್ಬಿಣಾಂಶದ ಕಡೆ. ಆದರೆ ಇದರ ಮೇಲೆ ತೀರ್ಪು ಬರೆಯಬೇಡಿ. ಎಂಸಿವಿ ತೀರ ಕಡಿಮೆ ಇರುವುದರಿಂದ ಥಲಸೀಮಿಯಾ ಮೈನರ್‌ನಲ್ಲೂ ಆರ್‌ಡಿಡಬ್ಲ್ಯೂ-ಸಿವಿ 15, 16 ಎಂದು ಬರುವುದುಂಟು; ಎರಡೂ ಒಟ್ಟಿಗೆ ಇರುವುದೂ ಉಂಟು. ಖಚಿತವಾಗಬೇಕಾದರೆ ಫೆರಿಟಿನ್ ಮತ್ತು ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆ ಬೇಕು. ಎಚ್‌ಪಿಎಲ್‌ಸಿಯಲ್ಲಿ ಹಿಮೋಗ್ಲೋಬಿನ್ ಎ2 ಶೇ 3.5ಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಬೀಟಾ ಥಲಸೀಮಿಯಾ ಮೈನರ್. ಕಬ್ಬಿಣಾಂಶದ ತೀವ್ರ ಕೊರತೆ ಎ2ವನ್ನು ಕೆಳಗೆ ಎಳೆಯಬಲ್ಲದು. ಆದ್ದರಿಂದ ಅಂಚಿನಲ್ಲಿರುವ ಫಲಿತಾಂಶ ಬಂದರೆ ಕಬ್ಬಿಣಾಂಶ ತುಂಬಿದ ಮೇಲೆ ಮತ್ತೆ ನೋಡಬೇಕು. ಗರ್ಭಿಣಿಯರಲ್ಲಿ ಮಾತ್ರ ಹಾಗೆ ಕಾಯದೆ ಗಂಡನ ರಕ್ತವನ್ನೂ ಆಗಲೇ ಪರೀಕ್ಷಿಸುತ್ತಾರೆ. ಇಬ್ಬರಿಗೂ ಮೈನರ್ ಇದ್ದರೆ ಮಗುವಿಗೆ ಅದರ ತೀವ್ರ ರೂಪವಾದ ಮೇಜರ್ ಬರುವ ಸಂಭವ ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದು.

ಎಂಸಿವಿ 100 ದಾಟಿದ್ದು ಆರ್‌ಡಿಡಬ್ಲ್ಯೂ ಕೂಡ ಏರಿದ್ದರೆ ಮೊದಲು ಬಿ12 ಅಥವಾ ಫೋಲಿಕ್ ಆಸಿಡ್ ಕೊರತೆ ನೆನಪಾಗಬೇಕು. ಮದ್ಯಪಾನ, ಥೈರಾಯ್ಡ್ ಕೊರತೆಯಲ್ಲಿ ಕಣ ದೊಡ್ಡದಾದರೂ ಆರ್‌ಡಿಡಬ್ಲ್ಯೂ ಅಷ್ಟಾಗಿ ಏರುವುದಿಲ್ಲ.

ಈಗ ನಮ್ಮ ವರದಿ

ಹಿಮೋಗ್ಲೋಬಿನ್ 9.6, ರಕ್ತಹೀನತೆ ಇದೆ. ಎಂಸಿವಿ 82.3. ಆರ್‌ಡಿಡಬ್ಲ್ಯೂ-ಸಿವಿ 21.4, ಎಸ್‌ಡಿ 63. ಎರಡೂ ಒಂದೇ ಮಾತು ಹೇಳುತ್ತಿವೆ, ಮತ್ತು ಏರಿಕೆ ಸಣ್ಣದಲ್ಲ. ಲೆಕ್ಕಕ್ಕಾಗಿ ಹೀಗೆ ಭಾವಿಸಿ: ಅರ್ಧದಷ್ಟು ಕಣಗಳು 68ರ ಆಸುಪಾಸು, ಇನ್ನರ್ಧ 97ರ ಆಸುಪಾಸು. ಸರಾಸರಿ 82.5 ಬರುತ್ತದೆ. ನಿಜದ ರಕ್ತದಲ್ಲಿ ಇಷ್ಟು ಅಚ್ಚುಕಟ್ಟಾದ ಎರಡು ಗುಂಪು ಇರುವುದಿಲ್ಲ. ಗುಡ್ಡ ಎರಡೂ ಕಡೆಗೆ ಹರಡಿಕೊಂಡು ಚಪ್ಪಟೆಯಾಗಿ ಕಾಣುತ್ತದೆ. ಆದರೆ ನಾರ್ಮಲ್ ಎಂಬ ಸಂಖ್ಯೆ ಹುಟ್ಟುವ ಬಗೆ ಇದೇ.

ಕೇವಲ ಆರಂಭದ ಕಬ್ಬಿಣಾಂಶದ ಕೊರತೆ ಇರಬಹುದಲ್ಲವೇ? ಈ ಪ್ರಶ್ನೆಗೆ ಹಿಮೋಗ್ಲೋಬಿನ್ ಉತ್ತರ ಕೊಡುತ್ತದೆ. ಕಬ್ಬಿಣಾಂಶ ಒಂದೇ ಕಡಿಮೆಯಾಗಿ ಹಿಮೋಗ್ಲೋಬಿನ್ ನಿಧಾನವಾಗಿ 9.6ಕ್ಕೆ ಇಳಿಯುವ ಹೊತ್ತಿಗೆ ಎಂಸಿವಿ ಸಾಮಾನ್ಯವಾಗಿ ಎಪ್ಪತ್ತರ ಸುಮಾರಿಗೆ ಬಂದಿರಬೇಕಿತ್ತು. ಅದನ್ನು ಏನೋ ಮೇಲಕ್ಕೆ ಎತ್ತಿ ಹಿಡಿದಿದೆ. ಬಿ12 ಕೊರತೆ ಒಂದೇ ಎನ್ನೋಣವೆಂದರೆ ಎಂಸಿಎಚ್ 25.8ಕ್ಕೆ ಇಳಿದಿದೆ, ಬಿ12 ಇಲ್ಲದೆ ಹುಟ್ಟುವ ದೊಡ್ಡ ಕಣದಲ್ಲಿ ಹಿಮೋಗ್ಲೋಬಿನ್ ತೂಕ ಹೆಚ್ಚಿರುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಪ್ಲೇಟ್‌ಲೆಟ್ ಕೂಡ ಸುಳಿವು ಕೊಡುತ್ತದೆ. ಕಬ್ಬಿಣಾಂಶದ ಕೊರತೆಯಲ್ಲಿ ಅದು ಮೇಲಿನ ಮಿತಿಯ ಕಡೆ ವಾಲುವುದು ವಾಡಿಕೆ, ಇಲ್ಲಿ ಪ್ಲೇಟ್‌ಲೆಟ್ ಮತ್ತು ಬಿಳಿ ಕಣ ಎರಡೂ ಕೆಳ ಅಂಚಿನಲ್ಲಿವೆ, ಬಿ12 ಕೊರತೆಯಲ್ಲಿ ಆಗುವಂತೆ. ಮುಟ್ಟಿನ ಸ್ರಾವ ಕಬ್ಬಿಣಾಂಶದ ನಷ್ಟವನ್ನು ವಿವರಿಸುತ್ತದೆ, ಸಸ್ಯಾಹಾರ ಮತ್ತು ಪಾದದ ಜೋಮು ಬಿ12 ಕಡೆ ಕರೆದೊಯ್ಯುತ್ತವೆ. ಎರಡೂ ಕೊರತೆ ಒಟ್ಟಿಗೆ ಇವೆ ಎಂಬುದು ಈ ವರದಿಯಿಂದ ಹುಟ್ಟುವ ಬಲವಾದ ಅನುಮಾನ. ಇದು ಇನ್ನೂ ಅನುಮಾನವೇ. ಸಿಬಿಸಿ ಇದಕ್ಕಿಂತ ಮುಂದೆ ಹೋಗಲಾರದು.

ಮುಂದಿನ ಹೆಜ್ಜೆ ಪೆರಿಫೆರಲ್ ಸ್ಮಿಯರ್, ಅಂದರೆ ಗಾಜಿನ ಮೇಲೆ ಹರಡಿದ ರಕ್ತವನ್ನು ಪೆಥಾಲಜಿಸ್ಟ್ ಕಣ್ಣಾರೆ ನೋಡುವುದು. ಇಲ್ಲಿ ನಡುವೆ ಬಿಳಚಿದ ಚಿಕ್ಕ ಕಣಗಳು, ಕೋಲಿನಂಥ ಕಣಗಳು, ಅವುಗಳ ಪಕ್ಕದಲ್ಲೇ ಮೊಟ್ಟೆಯಾಕಾರದ ದೊಡ್ಡ ಕಣಗಳು ಸಿಗುವ ನಿರೀಕ್ಷೆ. ಮುಖ್ಯವಾಗಿ ಬಿಳಿ ಕಣಗಳ ಒಂದು ಬಗೆಯಾದ ನ್ಯೂಟ್ರೋಫಿಲ್‌ಗಳನ್ನು ನೋಡಬೇಕು. ಸಾಮಾನ್ಯವಾಗಿ ಅವುಗಳ ನ್ಯೂಕ್ಲಿಯಸ್‌ಗೆ ಮೂರು ನಾಲ್ಕು ಎಸಳು ಇರುತ್ತವೆ. ನೂರರಲ್ಲಿ ಐದಕ್ಕಿಂತ ಹೆಚ್ಚು ನ್ಯೂಟ್ರೋಫಿಲ್‌ಗಳಿಗೆ ಐದು ಎಸಳಿದ್ದರೆ, ಅಥವಾ ಆರು ಎಸಳಿನ ಒಂದೇ ಒಂದು ಕಂಡರೂ ಬಿ12 ಅಥವಾ ಫೋಲಿಕ್ ಆಸಿಡ್ ಕೊರತೆಯ ಗುರುತು. ಕಬ್ಬಿಣಾಂಶದ ಕೊರತೆ ಕೆಂಪು ಕಣದ ಗಾತ್ರವನ್ನು ಮರೆಮಾಡಿದರೂ ಈ ಎಸಳುಗಳನ್ನು ಮರೆಮಾಡಲಾರದು.

ಜೊತೆಗೆ ಫೆರಿಟಿನ್, ಬಿ12, ರೆಟಿಕ್ಯುಲೋಸೈಟ್ ಎಣಿಕೆ ಮಾಡಿಸಬೇಕು. ಫೆರಿಟಿನ್ 15ಕ್ಕಿಂತ ಕಡಿಮೆಯಾದರೆ ಕಬ್ಬಿಣಾಂಶದ ಸಂಗ್ರಹ ಬರಿದಾಗಿದೆ ಎಂದೇ ಅರ್ಥ. 30ಕ್ಕಿಂತ ಕಡಿಮೆಯಿದ್ದರೂ ಹೆಚ್ಚಿನ ವೈದ್ಯರು ಕೊರತೆ ಎಂದೇ ನೋಡುತ್ತಾರೆ. ಜ್ವರ, ಸೋಂಕು, ಉರಿಯೂತ ಇದ್ದಾಗ ಫೆರಿಟಿನ್ ಸುಳ್ಳೇ ಏರುತ್ತದೆ, ಆಗ ನಾರ್ಮಲ್ ಬಂದರೂ ನಂಬಿ ಕೂರುವಂತಿಲ್ಲ. ಬಿ12 ಪರೀಕ್ಷೆಗೆ ರಕ್ತ ಕೊಡುವ ಮುಂಚೆ ಮಲ್ಟಿವಿಟಮಿನ್ ಮಾತ್ರೆ ಅಥವಾ ಬಿ12 ಇಂಜೆಕ್ಷನ್ ತೆಗೆದುಕೊಂಡರೆ ಆ ಪರೀಕ್ಷೆ ದಾರಿ ತಪ್ಪಿಸುತ್ತದೆ. ಮೊದಲು ರಕ್ತ, ಆಮೇಲೆ ಔಷಧ.

ಅರ್ಧ ಚಿಕಿತ್ಸೆ ಕೊಟ್ಟಾಗ ಏನಾಗುತ್ತದೆ

ಈ ಮಹಿಳೆಗೆ ಬರೀ ಕಬ್ಬಿಣಾಂಶದ ಮಾತ್ರೆ ಕೊಟ್ಟರೆ ಹಿಮೋಗ್ಲೋಬಿನ್ ಸ್ವಲ್ಪ ಏರಿ ನಿಂತುಬಿಡುತ್ತದೆ. ಚಿಕ್ಕ ಕಣಗಳು ಕಳೆದು ದೊಡ್ಡವು ಉಳಿಯುವುದರಿಂದ ಎಂಸಿವಿ 100ರ ಕಡೆಗೆ ಏರುತ್ತದೆ. ಬರೀ ಬಿ12 ಕೊಟ್ಟರೆ ಹೊಸ ಕಣಗಳ ಉತ್ಪಾದನೆ ಚುರುಕಾಗಿ ಇದ್ದಬದ್ದ ಕಬ್ಬಿಣಾಂಶವೂ ಮುಗಿದು ಎಂಸಿವಿ 80ರ ಕೆಳಗೆ ಇಳಿಯುತ್ತದೆ. ಚಿಕಿತ್ಸೆಯ ನಡುವೆ ಎಂಸಿವಿ ಹೀಗೆ ಒಂದು ದಿಕ್ಕಿಗೆ ಓಡಿದರೆ, ಮರೆಯಲ್ಲಿದ್ದ ಇನ್ನೊಂದು ಕೊರತೆ ಹೊರಬಂದಿದೆ ಎಂದು ತಿಳಿಯಿರಿ.

ಇನ್ನೊಂದು ಅಪಾಯ ಹೆಚ್ಚು ಗಂಭೀರ. ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಮಹಿಳೆಯರಿಗೆ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತವೆ, ಬಿ12 ಇರುವುದಿಲ್ಲ. ಹೆಚ್ಚಿನವರಿಗೆ ಅದೇ ಸಾಕು, ಮಾತ್ರೆ ಬಿಡಬೇಕಾದ ಕಾರಣವಿಲ್ಲ. ಆದರೆ ಬಿ12 ಕೊರತೆ ಇರುವವರಲ್ಲಿ ಫೋಲಿಕ್ ಆಸಿಡ್, ಅದರಲ್ಲೂ ದೊಡ್ಡ ಡೋಸಿನಲ್ಲಿ, ರಕ್ತದ ಚಿತ್ರವನ್ನು ಸುಧಾರಿಸಿಬಿಡಬಹುದು. ನರಗಳ ಹಾನಿ ಮಾತ್ರ ಮುಂದುವರಿಯುತ್ತದೆ. ಜೋಮು, ನಡಿಗೆಯಲ್ಲಿ ತಡವರಿಕೆ, ಮರೆವು ಇರುವವರಲ್ಲಿ ಹಿಮೋಗ್ಲೋಬಿನ್ ಸುಧಾರಿಸಿತು ಎಂದು ಬಿ12 ಪರೀಕ್ಷೆಯನ್ನು ಮುಂದೂಡಬಾರದು.

ಎರಡಕ್ಕೂ ಚಿಕಿತ್ಸೆ ಸರಿಯಾಗಿ ಶುರುವಾದರೆ ರೆಟಿಕ್ಯುಲೋಸೈಟ್ ಎಣಿಕೆ ಸುಮಾರು ಒಂದು ವಾರದಲ್ಲಿ ಏರುತ್ತದೆ. ಹಿಮೋಗ್ಲೋಬಿನ್ ಮೂರ್ನಾಲ್ಕು ವಾರದಲ್ಲಿ ಒಂದೆರಡು ಗ್ರಾಂ ಹೆಚ್ಚಬೇಕು. ಆದರೆ ಒಂದು ತಿಂಗಳ ವರದಿಯಲ್ಲಿ ಆರ್‌ಡಿಡಬ್ಲ್ಯೂ ಇಳಿಯುವ ಬದಲು 21ರಿಂದ 25ಕ್ಕೆ ಏರಿರಬಹುದು. ಇದನ್ನು ಕಂಡು ಎಷ್ಟೋ ಜನ ಔಷಧ ಹಿಡಿಸಲಿಲ್ಲ ಎಂದು ನಿಲ್ಲಿಸಿಬಿಡುತ್ತಾರೆ. ಹಳೆಯ ಕಣಗಳ ನಡುವೆ ಆರೋಗ್ಯವಾದ ಹೊಸ ಕಣಗಳು ಬಂದು ಸೇರಿದ್ದರಿಂದ ಗುಡ್ಡ ಇನ್ನಷ್ಟು ಅಗಲವಾಗಿದೆ, ಅಷ್ಟೆ. ಹಿಮೋಗ್ಲೋಬಿನ್ ಏರುತ್ತಿದ್ದರೆ ಆ ಆರ್‌ಡಿಡಬ್ಲ್ಯೂ ಔಷಧ ಕೆಲಸ ಮಾಡುತ್ತಿರುವುದರ ಲಕ್ಷಣ. ಹಳೆಯ ಕಣಗಳು ಆಯಸ್ಸು ಮುಗಿಸುತ್ತಿದ್ದಂತೆ, ಅಂದರೆ ಮೂರು ನಾಲ್ಕು ತಿಂಗಳಲ್ಲಿ, ಅದು ನಾರ್ಮಲ್ ಕಡೆಗೆ ಇಳಿಯುತ್ತದೆ. ಈ ಹೋಲಿಕೆಗೆ ಪ್ರತಿ ಸಲವೂ ಒಂದೇ ಲ್ಯಾಬಿನ ವರದಿ ಬಳಸಿ.

ಆರ್‌ಡಿಡಬ್ಲ್ಯೂ ಹೇಳಲಾರದ್ದು

ಹಿಮೋಗ್ಲೋಬಿನ್, ಎಂಸಿವಿ ಎರಡೂ ಸರಿಯಿದ್ದು ಆರ್‌ಡಿಡಬ್ಲ್ಯೂ ಮಾತ್ರ 15 ಬಂದಿದ್ದರೆ ಅದಕ್ಕೆ ರೋಗದ ಹೆಸರು ಕೊಡಲಾಗುವುದಿಲ್ಲ. ಕೊರತೆಯ ಆರಂಭವಿರಬಹುದು. ಯಕೃತ್ತು, ಮೂತ್ರಪಿಂಡ, ಹೃದಯದ ದೀರ್ಘಕಾಲದ ಕಾಯಿಲೆಗಳಲ್ಲೂ, ವಯಸ್ಸಾದವರಲ್ಲೂ ಅದು ಅಷ್ಟಿಷ್ಟು ಏರುತ್ತದೆ. ಫೆರಿಟಿನ್ ಮತ್ತು ಬಿ12 ನೋಡಿಸಿ, ಸರಿಯಿದ್ದರೆ ಎರಡು ಮೂರು ತಿಂಗಳ ನಂತರ ಸಿಬಿಸಿ ಮತ್ತೆ ಮಾಡಿಸಿದರೆ ಸಾಕು. ಇನ್ನು ನಾರ್ಮಲ್ ಆರ್‌ಡಿಡಬ್ಲ್ಯೂ ಇದೆ ಎಂದ ಮಾತ್ರಕ್ಕೆ ಎಲ್ಲವೂ ಸರಿ ಎಂದೂ ಅಲ್ಲ. ಹಠಾತ್ತಾಗಿ ರಕ್ತ ಹೋದ ಮೊದಲ ದಿನಗಳಲ್ಲಿ, ಮಜ್ಜೆ ಕೆಲಸ ನಿಲ್ಲಿಸುವ ಅಪ್ಲಾಸ್ಟಿಕ್ ಅನೀಮಿಯಾದಲ್ಲಿ ಗುಡ್ಡ ಅಗಲವಾಗದೆಯೂ ಇರಬಹುದು.

ಹಿಮೋಗ್ಲೋಬಿನ್ 7ಕ್ಕಿಂತ ಕಡಿಮೆಯಾಗಿದ್ದರೆ, ಮೂರೂ ಬಗೆಯ ಕಣಗಳು ಒಟ್ಟಿಗೆ ಕುಸಿದಿದ್ದರೆ, ವರದಿಯಲ್ಲಿ ಬ್ಲಾಸ್ಟ್ ಅಥವಾ ಅಸಹಜ ಕಣ ಎಂಬ ಷರಾ ಇದ್ದರೆ, ಎದೆನೋವು ಅಥವಾ ಕೂತಲ್ಲೇ ಏದುಸಿರು ಬರುತ್ತಿದ್ದರೆ ಈ ಲೆಕ್ಕಗಳನ್ನೆಲ್ಲ ಬದಿಗಿಟ್ಟು ಅದೇ ದಿನ ವೈದ್ಯರ ಬಳಿ ಹೋಗಬೇಕು. ಗಂಡಸರಲ್ಲಿ ಮತ್ತು ಮುಟ್ಟು ನಿಂತ ಮಹಿಳೆಯರಲ್ಲಿ ಕಬ್ಬಿಣಾಂಶದ ಕೊರತೆ ಖಚಿತವಾದರೆ ಮಾತ್ರೆಯಿಂದ ಹಿಮೋಗ್ಲೋಬಿನ್ ಏರಿಸಿ ಸುಮ್ಮನಾಗುವಂತಿಲ್ಲ. ಹೊಟ್ಟೆ ಅಥವಾ ಕರುಳಿನಲ್ಲಿ ಎಲ್ಲೋ ರಕ್ತ ಸೋರುತ್ತಿರಬಹುದು. ಎಂಡೋಸ್ಕೋಪಿ ಮತ್ತು ಕೊಲೊನೋಸ್ಕೋಪಿ ಬೇಕೇ ಎಂದು ವೈದ್ಯರನ್ನು ಅಂದೇ ಕೇಳಿ. ಮಲ ಡಾಂಬರಿನಂತೆ ಕಪ್ಪಗೆ ಹೋಗುತ್ತಿದೆಯೇ ಎಂಬುದನ್ನು ಕಬ್ಬಿಣಾಂಶದ ಮಾತ್ರೆ ಶುರು ಮಾಡುವ ಮೊದಲೇ ಗಮನಿಸಿ ಹೇಳಿ, ಏಕೆಂದರೆ ಆ ಮಾತ್ರೆಯೂ ಮಲವನ್ನು ಕಪ್ಪಾಗಿಸುತ್ತದೆ.